ಟಾಪ್-ಅಪ್ ಬೇಡದ ಏಳನೇ ಗಾಡಿ: ಆಯಿಲ್ ರಿಪೋರ್ಟ್ ನೋಡಿ ಆಯಿಲ್ ಚೇಂಜ್ ಮುಂದೆ ಹಾಕಿದ ಒಂದು ಪ್ರಕರಣ

ಸೇಡಂ, ಮಳಖೇಡ ಕಡೆಯಿಂದ ಸಿಮೆಂಟ್ ಲೋಡ್ ಹೊಡೆಯುವ ಒಂದು ಟ್ರಾನ್ಸ್‌ಪೋರ್ಟಿನ ಗಾಡಿಗಳ ಮೇಂಟೆನೆನ್ಸ್ ನನ್ನ ಕೆಲಸ. ಶೆಡ್ಡು ಕಲಬುರಗಿ ರಿಂಗ್ ರೋಡ್ ಪಕ್ಕ ಇದೆ. ಒಟ್ಟು 12 ಗಾಡಿ. ಎಂಟು ಲೈನ್ ಗಾಡಿಗಳು ಹೈದರಾಬಾದು, ಸೊಲ್ಲಾಪುರ, ಬೀದರ್ ಕಡೆ ಮೂಟೆ ಸಿಮೆಂಟ್ ಒಯ್ಯುತ್ತವೆ. ಉಳಿದ ನಾಲ್ಕು ಟಿಪ್ಪರುಗಳು ಸುಣ್ಣದ ಕಲ್ಲಿನ ಗಣಿಯಲ್ಲೇ ಓಡಾಡುತ್ತವೆ. ಎಲ್ಲವೂ ಬಿಎಸ್-4, ಆರು ಸಿಲಿಂಡರ್, ಕಾಮನ್ ರೇಲ್ ಇಂಜಿನ್. ಚೇಂಬರಿಗೆ 20 ಲೀಟರ್ ಆಯಿಲ್ ಹಿಡಿಯುತ್ತದೆ, ಹಾಕುವುದು 15ಡಬ್ಲ್ಯೂ-40.

ಲೈನ್ ಗಾಡಿಗೆ 20,000 ಕಿಲೋಮೀಟರಿಗೆ ಆಯಿಲ್ ಚೇಂಜ್ ಅಂತ ಮೊದಲಿಂದ ರೂಢಿ. ಒಂದು ದಿನ ಮಾಲೀಕರು ಕೇಳಿದರು: "ಚಲೋ ಇರೋ ಆಯಿಲ್ ಸುಮ್ನ ಚೆಲ್ಲಲಿಕತ್ತೀವಿ ಅನಸ್ತದ. ಮೂವತ್ತು ಸಾವಿರಕ್ಕ ಮಾಡಿದ್ರ ಏನಾಗ್ತದ?"

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೆ ಆಯಿಲ್ ಕಪ್ಪಾಗಿದೆಯಾ ಅಂತ ನೋಡಿ, ಬೆರಳಲ್ಲಿ ಉಜ್ಜಿ ಇದಕ್ಕೆ ಉತ್ತರ ಹೇಳಲು ಆಗಲ್ಲ. ಡೀಸೆಲ್ ಇಂಜಿನ್ನಿನ ಆಯಿಲ್ ಹಾಕಿದ ವಾರಕ್ಕೇ ಕಪ್ಪಾಗುತ್ತದೆ. ಅದಕ್ಕೆ ಸ್ಯಾಂಪಲ್ ತೆಗೆದು ಹೈದರಾಬಾದಿನ ಲ್ಯಾಬಿಗೆ ಕಳಿಸೋಣ ಅಂದೆ. ವಾರಂಟಿಯಲ್ಲಿದ್ದ ಎರಡು ಲೈನ್ ಗಾಡಿಗಳನ್ನು ಈ ಲೆಕ್ಕದಿಂದ ಹೊರಗಿಟ್ಟೆವು. ಕಂಪನಿ ಹೇಳಿದ ಅಂತರ ಮೀರಿದರೆ ನಾಳೆ ಕ್ಲೇಮ್ ಸಿಗುವುದು ಕಷ್ಟ.

ಸ್ಯಾಂಪಲ್ ತೆಗೆಯುವುದು ಸಣ್ಣ ಕೆಲಸ ಅನ್ನಿಸುತ್ತದೆ, ಆದರೆ ಮೊದಲ ತಪ್ಪು ಆಗಿದ್ದು ಅಲ್ಲೇ. ನಮ್ಮ ಹುಡುಗ ಡ್ರೈನ್ ಬೋಲ್ಟ್ ಬಿಚ್ಚಿ, ಮೊದಲು ಸುರಿದ ಆಯಿಲನ್ನೇ ಬಾಟಲಿಗೆ ಹಿಡಿದಿದ್ದ. ಚೇಂಬರಿನ ತಳದಲ್ಲಿ ಕೂತ ಕೆಸರೆಲ್ಲ ಮೊದಲ ಧಾರೆಯಲ್ಲೇ ಬರುತ್ತದೆ, ರಿಪೋರ್ಟಿನಲ್ಲಿ ಎಲ್ಲವೂ ಕೆಂಪು. ಆಮೇಲೆ ಕೈಪಂಪು ತಂದೆವು. ಗಾಡಿ ಓಡಿ ಬಂದು ಆಯಿಲ್ ಬಿಸಿ ಇರುವಾಗ, ಗೇಜ್ ಕಡ್ಡಿಯ ತೂತಿನಿಂದ ಹೊಸ ಪೈಪ್ ಇಳಿಬಿಟ್ಟು, ಚೇಂಬರಿನ ನಡುಮಟ್ಟದಿಂದ 100 ಎಂಎಲ್ ಎಳೆಯುತ್ತೇವೆ. ಬಾಟಲಿಯ ಮೇಲೆ ನಾಲ್ಕು ವಿಷಯ ಬರೆಯುತ್ತೇವೆ: ಗಾಡಿ ಒಟ್ಟು ಓಡಿದ ಕಿಲೋಮೀಟರ್, ಈ ಆಯಿಲ್ ಓಡಿದ ಕಿಲೋಮೀಟರ್, ಇಂಜಿನ್ ಓಡಿದ ಗಂಟೆ, ನಡುವೆ ಹಾಕಿದ ಟಾಪ್-ಅಪ್ ಎಷ್ಟು ಲೀಟರ್. ಕೊನೆಯದನ್ನು ಯಾರೂ ಬರೆಯಲ್ಲ. ಈ ಪ್ರಕರಣದಲ್ಲಿ ಸುಳಿವು ಸಿಕ್ಕಿದ್ದೇ ಅದರಿಂದ.

ಸೀಲ್ ಒಡೆಯದ ಡಬ್ಬಿಯಿಂದ ಹೊಸ ಆಯಿಲಿನದೂ ಒಂದು ಸ್ಯಾಂಪಲ್ ಕಳಿಸಿದೆವು. ಹೋಲಿಸಲು ಏನಾದರೂ ಬೇಕಲ್ವಾ? 100 ಡಿಗ್ರಿಯಲ್ಲಿ ಅದರ ದಪ್ಪ, ಅಂದರೆ ವಿಸ್ಕಾಸಿಟಿ, 14.6 ಸೆಂಟಿಸ್ಟೋಕ್ ಬಂತು. ಆಮ್ಲವನ್ನು ತಡೆಯುವ ಶಕ್ತಿ ಹೇಳುವ ಟಿಬಿಎನ್ 10.2. ಫ್ಲ್ಯಾಶ್ ಪಾಯಿಂಟ್, ಅಂದರೆ ಆಯಿಲಿನ ಆವಿಗೆ ಬೆಂಕಿ ಹತ್ತುವ ಬಿಸಿ, 228 ಡಿಗ್ರಿ. ಸಿಲಿಕಾನ್ 5 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 5 ಪಾಲು. ಹೊಸ ಆಯಿಲಿನಲ್ಲಿ ಸಿಲಿಕಾನ್ ಎಲ್ಲಿಂದ ಬಂತು ಅಂತ ಗಾಬರಿ ಆಗಬೇಡಿ, ನೊರೆ ಏಳದಂತೆ ಹಾಕುವ ಅಡಿಟಿವ್‌ನಲ್ಲೇ ಅದು ಇರುತ್ತದೆ.

ಲೈನ್ ಗಾಡಿಗಳ ಮೊದಲ ರಿಪೋರ್ಟುಗಳು ಬಂದಾಗ ಮಾಲೀಕರ ಮಾತು ನಿಜ ಅನ್ನಿಸಿತು. 20,000 ಕಿಲೋಮೀಟರಿನ ಹತ್ತಿರ ಕಬ್ಬಿಣ ಸರಾಸರಿ 42 ಪಿಪಿಎಂ, ಟಿಬಿಎನ್ 6.4, ಮಸಿ ಶೇಕಡಾ 1.1, ದಪ್ಪ 14.2. ಕಬ್ಬಿಣ ಬರುವುದು ಲೈನರ್, ಕ್ರ್ಯಾಂಕ್, ಗೇರುಗಳ ಸವೆತದಿಂದ. 42 ಅನ್ನುವ ಅಂಕಿಗೆ ಅದರಷ್ಟಕ್ಕೇ ಅರ್ಥ ಇಲ್ಲ, 1,000 ಕಿಲೋಮೀಟರಿಗೆ ಎಷ್ಟು ಅಂತ ಭಾಗಿಸಿ ನೋಡಬೇಕು. ಇಲ್ಲಿ 2.1. ಆಯಿಲ್ ಇನ್ನೂ ಕೆಲಸ ಮಾಡುತ್ತಿದ್ದರೆ ಮುಂದಿನ 5,000ಕ್ಕೂ ಇದೇ ದರ ಇರಬೇಕು. ದರ ಏರಿದರೆ ಆಯಿಲೋ ಫಿಲ್ಟರೋ ಸೋತಿದೆ ಅಂತ ಲೆಕ್ಕ.

ಏಳನೇ ಗಾಡಿಗೂ ಲ್ಯಾಬಿನವರು ನಾರ್ಮಲ್ ಅಂತಲೇ ಮುದ್ರೆ ಹಾಕಿದ್ದರು. ದಪ್ಪ 13.7. ಈ ಗ್ರೇಡಿಗೆ 12.5ರಿಂದ 16.3ರ ಒಳಗೆ ಇದ್ದರೆ ಸರಿ, ಹಾಗಾಗಿ ಪಾಸು. ಕಬ್ಬಿಣ 46. ಅದೂ ಪರವಾಗಿಲ್ಲ. ಮಸಿ ಮಾತ್ರ 2.4, ಉಳಿದವುಗಳ ದುಪ್ಪಟ್ಟು, ಆದರೂ ಅವರ ಮಿತಿ ದಾಟಿರಲಿಲ್ಲ.

ನನ್ನ ಕಣ್ಣು ನಿಂತದ್ದು ಟಾಪ್-ಅಪ್ ಕಾಲಮ್ಮಿನಲ್ಲಿ. ಲೀಕ್ ಇದ್ದ ಮೂರನೇ ಗಾಡಿ ಬಿಟ್ಟರೆ ಉಳಿದ ಗಾಡಿಗಳು 20,000 ಕಿಲೋಮೀಟರಿನಲ್ಲಿ ಒಂದು, ಒಂದೂವರೆ ಲೀಟರ್ ಆಯಿಲ್ ಕುಡಿದಿದ್ದವು. ಇದರದು ಸೊನ್ನೆ. ಡ್ರೈವರ್ ಕಾಕಾನನ್ನು ಕೇಳಿದರೆ ಖುಷಿಯಿಂದ ಹೇಳಿದರು: "ಈ ಗಾಡಿ ಹನಿ ಆಯಿಲ್ ಸುದ್ದಾ ಕುಡಿಯಂಗಿಲ್ರಿ. ಗೇಜ್ ನೋಡ್ರಿ, ಹಾಕಿದಷ್ಟೇ ಅದ." ಹದಿನೈದು ವರ್ಷ ಗಾಡಿ ಓಡಿಸಿದವರು ಅವರು, ದಿನಾ ಬೆಳಿಗ್ಗೆ ಗೇಜ್ ನೋಡುತ್ತಾರೆ, ಸುಳ್ಳು ಹೇಳುವವರಲ್ಲ. ಐದು ಲಕ್ಷ ಕಿಲೋಮೀಟರ್ ಓಡಿದ ಇಂಜಿನ್ನು ಸ್ವಲ್ಪವೂ ಆಯಿಲ್ ಕುಡಿಯಲ್ಲ ಅಂದರೆ ಎರಡೇ ದಾರಿ. ಒಂದೋ ಅದು ಬಹಳ ಒಳ್ಳೆ ಇಂಜಿನ್ನು, ಇಲ್ಲವೇ ಆಯಿಲ್ ಕಡಿಮೆ ಆದ ಜಾಗಕ್ಕೆ ಬೇರೇನೋ ಬಂದು ತುಂಬುತ್ತಿದೆ.

ಆಯಿಲಿಗೆ ಡೀಸೆಲ್ ಸೇರಿದರೆ ಅದು ತೆಳ್ಳಗಾಗುತ್ತದೆ. ಮಸಿ ಸೇರಿದರೆ ದಪ್ಪವಾಗುತ್ತದೆ. ಎರಡೂ ಒಟ್ಟಿಗೆ ಸೇರಿದರೆ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ, ದಪ್ಪದ ಅಂಕಿ ನೋಡಿದವರಿಗೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಇಂಜೆಕ್ಟರ್ ಸರಿಯಿಲ್ಲದ ಗಾಡಿಯಲ್ಲಿ ಎರಡೂ ಒಟ್ಟಿಗೇ ಬರುವುದು ಸಹಜ. ಯಾಕೆಂದರೆ ಸರಿಯಾಗಿ ಸಿಂಪಡಿಸದ ಡೀಸೆಲ್ಲಿನಲ್ಲಿ ಅರ್ಧ ಉರಿದದ್ದು ಮಸಿಯಾಗುತ್ತದೆ, ಉರಿಯದ್ದು ಲೈನರ್ ಗೋಡೆ ಹಿಡಿದು ಚೇಂಬರಿಗೆ ಇಳಿಯುತ್ತದೆ. ಹಾಗಾಗಿ 13.7 ಅನ್ನುವುದನ್ನು ನಾನು ನಂಬಲಿಲ್ಲ.

ಮಸಿ ಮುಚ್ಚಲಾಗದ ಒಂದು ಅಂಕಿ ಇದೆ, ಅದು ಫ್ಲ್ಯಾಶ್ ಪಾಯಿಂಟ್. ಮಸಿ ಎಷ್ಟೇ ಇರಲಿ, ಡೀಸೆಲ್ ಬೆರೆತ ಆಯಿಲ್ ಬೇಗ ಬೆಂಕಿ ಹಿಡಿಯುತ್ತದೆ. ಏಳನೇ ಗಾಡಿಯ ಫ್ಲ್ಯಾಶ್ ಪಾಯಿಂಟ್ 190ಕ್ಕೆ ಇಳಿದಿತ್ತು, ಉಳಿದವು 215ರ ಮೇಲೆ ಇದ್ದವು. ಲ್ಯಾಬಿಗೆ ಫೋನ್ ಮಾಡಿ, ಉಳಿದಿದ್ದ ಸ್ಯಾಂಪಲ್ಲಿಗೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮಾಡಿ ಡೀಸೆಲ್ ಶೇಕಡಾ ಎಷ್ಟು ಅಂತ ನೇರವಾಗಿ ಅಳೆದು ಕೊಡಿ ಅಂದೆ. ಅದಕ್ಕೆ ಬೇರೆ ದುಡ್ಡು ಕೊಡಬೇಕು. ಮೊದಲ ರಿಪೋರ್ಟಿನಲ್ಲಿ ಡೀಸೆಲ್ ಶೇಕಡಾ 2ಕ್ಕಿಂತ ಕಡಿಮೆ ಅಂತ ಬರೆದಿದ್ದರು, ಆದರೆ ಅದು ದಪ್ಪ ನೋಡಿ ಹಾಕಿದ ಅಂದಾಜು. ಅಳೆದಾಗ ಬಂದದ್ದು 3.8.

20 ಲೀಟರಿಗೆ ಶೇಕಡಾ 3.8 ಅಂದರೆ ಮುಕ್ಕಾಲು ಲೀಟರ್ ಡೀಸೆಲ್. ಗೇಜ್ ಯಾಕೆ ಇಳಿಯುತ್ತಿರಲಿಲ್ಲ ಅನ್ನುವುದಕ್ಕೆ ಉತ್ತರ ಇದೇ.

ನಾವು ಇಟ್ಟುಕೊಂಡ ಮಿತಿ ಇಷ್ಟು: 2ರ ಒಳಗೆ ಇದ್ದರೆ ಅಂತರ ಹೆಚ್ಚಿಸಬಹುದು, 2ರಿಂದ 4 ಇದ್ದರೆ ಹೆಚ್ಚಿಸುವ ಮಾತೇ ಇಲ್ಲ, ಕಾರಣ ಹುಡುಕಬೇಕು, 5 ಬಂದರೆ ಅವತ್ತೇ ಆಯಿಲ್ ಇಳಿಸಬೇಕು. ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇರುವ ಬಿಎಸ್-6 ಗಾಡಿಗಳ ಕಥೆ ಬೇರೆ. ಆ ಫಿಲ್ಟರಿನಲ್ಲಿ ಕೂತ ಮಸಿ ಸುಡಲು ಕೆಲವು ಇಂಜಿನ್ನುಗಳು ಸಿಲಿಂಡರಿಗೇ ತಡವಾಗಿ ಡೀಸೆಲ್ ಸಿಂಪಡಿಸುತ್ತವೆ, ಅದರಲ್ಲಿ ಸ್ವಲ್ಪ ಆಯಿಲಿಗೆ ಇಳಿದೇ ಇಳಿಯುತ್ತದೆ. ಅಂಥ ಗಾಡಿಗೆ ಇಂಜಿನ್ ಕಂಪನಿಯ ಮಿತಿಯನ್ನೇ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಅಂಕಿ ನನಗೆ ಹೆಚ್ಚು ಚಿಂತೆ ಕೊಟ್ಟಿತು. ಸೀಸ 9 ಪಿಪಿಎಂ ಇತ್ತು, ಉಳಿದ ಗಾಡಿಗಳಲ್ಲಿ 3. ನಮ್ಮ ಇಂಜಿನ್ನಿನ ಬೇರಿಂಗ್ ಶೆಲ್ಲಿನ ಮೇಲುಪದರದಲ್ಲಿ ಸೀಸ ಇದೆ (ಎಲ್ಲ ಇಂಜಿನ್ನಿನಲ್ಲೂ ಇರಲ್ಲ, ಮೊದಲು ವಿಚಾರಿಸಿ). 9 ಅನ್ನುವುದು ದೊಡ್ಡ ಅಂಕಿ ಅಲ್ಲ, ಲ್ಯಾಬಿನ ಕೆಂಪು ಗೆರೆಗೆ ಬಹಳ ದೂರ ಇದೆ. ಆದರೆ ಅದೇ ರೂಟಿನ, ಅದೇ ಇಂಜಿನ್ನಿನ ಅಣ್ಣತಮ್ಮಂದಿರ ಮೂರು ಪಟ್ಟು ಬಂದಿದೆ, ಜೊತೆಗೆ ಡೀಸೆಲ್ಲೂ ಇದೆ. ಆಯಿಲ್ ಪದರ ತೆಳ್ಳಗಾಗಿ ಕ್ರ್ಯಾಂಕು ಬೇರಿಂಗನ್ನು ಮುಟ್ಟುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಮುಂಚಿತವಾದ ಸುಳಿವು ಸಿಗಲ್ಲ. ಈ ಗಾಡಿಯನ್ನು ನಾವು ಕಣ್ಣುಮುಚ್ಚಿ 30,000ಕ್ಕೆ ಓಡಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

ಕಾರಣ ಹುಡುಕುವಾಗ ನಾನು ಮೊದಲು ತಪ್ಪು ದಾರಿ ಹಿಡಿದೆ, ಅದನ್ನೂ ಹೇಳುತ್ತೇನೆ. ಗಂಟೆ ಲೆಕ್ಕ ನೋಡಿದಾಗ ಉಳಿದ ಗಾಡಿಗಳು 20,000 ಕಿಲೋಮೀಟರಿಗೆ ಸುಮಾರು 540 ಗಂಟೆ ಓಡಿದ್ದವು, ಇದು 760. ಹೆಚ್ಚಿನ 220 ಗಂಟೆ ಎಲ್ಲಿ ಹೋಯಿತು? ಫ್ಯಾಕ್ಟರಿ ಗೇಟಿನ ಪಾಳಿಯಲ್ಲಿ. ಬ್ಯಾಟರಿ ಸೋತಿತ್ತು, ಒಮ್ಮೆ ಬಂದ್ ಮಾಡಿದರೆ ಸೆಲ್ಫ್ ಎತ್ತುವುದಿಲ್ಲ ಅಂತ ಕಾಕಾ ಇಂಜಿನ್ ಬಂದ್ ಮಾಡುತ್ತಲೇ ಇರಲಿಲ್ಲ. ರಾತ್ರಿಯಿಡೀ ಸ್ಲೋದಲ್ಲಿ ಓಡುವ ಇಂಜಿನ್ನು ತಣ್ಣಗಿರುತ್ತದೆ, ಡೀಸೆಲ್ ಪೂರ್ತಿ ಉರಿಯಲ್ಲ, ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತದೆ. ಕಾರಣ ಸಿಕ್ಕಿತು ಅಂದುಕೊಂಡೆ. ಹೊಸ ಬ್ಯಾಟರಿ, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಕಳಿಸಿದೆ.

5,000 ಕಿಲೋಮೀಟರ್ ಆದಮೇಲೆ ಮತ್ತೆ ಸ್ಯಾಂಪಲ್ ತೆಗೆದೆ. ಡೀಸೆಲ್ 2.3.

ಸ್ಲೋದಲ್ಲಿ ನಿಲ್ಲುವುದು ಹೆಚ್ಚೂಕಡಿಮೆ ನಿಂತಿತ್ತು, ಜಿಪಿಎಸ್‌ನಲ್ಲೇ ಕಾಣುತ್ತಿತ್ತು. ಹಾಗಿದ್ದರೂ ಕಾಲುಭಾಗ ದೂರದಲ್ಲಿ 2.3 ತುಂಬಿದೆ ಅಂದರೆ ತೊಂದರೆ ಡ್ರೈವರ್ ಅಭ್ಯಾಸದಲ್ಲಿ ಇಲ್ಲ, ಇಂಜಿನ್ನಿನಲ್ಲಿದೆ. ಸ್ಲೋದಿಂದ ಇಳಿದ ಡೀಸೆಲ್ಲಿಗೆ ಒಂದು ಗುಣ ಇದೆ: ಗಾಡಿ ಲೋಡ್ ಎಳೆದು ನಾಲ್ಕೈದು ಗಂಟೆ ಬಿಸಿಯಾಗಿ ಓಡಿದರೆ ಅದರಲ್ಲಿ ಒಂದಿಷ್ಟು ಆವಿಯಾಗಿ ಬ್ರೀದರ್ ಮೂಲಕ ಹೊರಗೆ ಹೋಗುತ್ತದೆ. ನಾವು ಈ ಸ್ಯಾಂಪಲ್ ತೆಗೆದದ್ದು ಗಾಡಿ ಹೈದರಾಬಾದಿನಿಂದ ಓಡಿ ಬಂದಾಗ. ಅಷ್ಟು ಬಿಸಿಯಲ್ಲೂ ಉಳಿದಿದೆ ಅಂದರೆ ಹೋಗುವುದಕ್ಕಿಂತ ಜಾಸ್ತಿ ಬರುತ್ತಿದೆ ಅಂತ ಅರ್ಥ. ಇದೇ ಕಾರಣಕ್ಕೆ ಒಂದು ಗಾಡಿಯ ಸ್ಯಾಂಪಲನ್ನು ಪಾಳಿಯಲ್ಲಿ ನಿಂತಾಗ ತೆಗೆದು, ಇನ್ನೊಂದರದನ್ನು ದೂರದ ಟ್ರಿಪ್ ಮುಗಿಸಿದಾಗ ತೆಗೆದು ಹೋಲಿಸಬಾರದು.

ಮಿಸ್ತ್ರಿ ಶೆಡ್ಡಿನಲ್ಲೇ ಇಂಜೆಕ್ಟರಿನ ರಿಟರ್ನ್ ಟೆಸ್ಟ್ ಮಾಡಿದ, ಅಂದರೆ ಒಂದೊಂದು ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲನ್ನು ಒಂದೊಂದು ಬಾಟಲಿಗೆ ಹಿಡಿದು ನೋಡಿದ. ಆರೂ ಬಾಟಲಿಯಲ್ಲಿ ಸಮ ಬಂತು. "ಇಂಜೆಕ್ಟರ್ ಚಲೋ ಅವರಿ" ಅಂದ. ಇಲ್ಲಿ ಬಹಳ ಜನ ಎಡವುತ್ತಾರೆ. ರಿಟರ್ನ್ ಪೈಪಿನ ಡೀಸೆಲ್ ಟ್ಯಾಂಕಿಗೆ ಹೋಗುತ್ತದೆ, ಆಯಿಲಿಗಲ್ಲ. ಆಯಿಲಿಗೆ ಇಳಿಯುವುದು ತುದಿಯಿಂದ ತೊಟ್ಟಿಕ್ಕಿದ ಡೀಸೆಲ್. ಅದನ್ನು ನೋಡಬೇಕಾದರೆ ಇಂಜೆಕ್ಟರ್ ಬಿಚ್ಚಿ ಪಂಪ್ ಅಂಗಡಿಯ ಬೆಂಚಿನ ಮೇಲೆ ಪ್ರೆಶರ್ ಕೊಟ್ಟು ತುದಿ ನೋಡಬೇಕು. ಹಾಗೆ ನೋಡಿದಾಗ ನಾಲ್ಕನೇ ಇಂಜೆಕ್ಟರಿನ ತುದಿಯಲ್ಲಿ ಹನಿ ಕೂಡಿ ಬೀಳುತ್ತಿತ್ತು, ಉಳಿದ ಐದು ಒಣಗಿದ್ದವು. ಆ ಒಂದನ್ನು ಬದಲಿಸಿ ಆಯಿಲನ್ನೂ ಮತ್ತೆ ಬದಲಿಸಿದೆವು. ತೆಳ್ಳಗಾದ ಆಯಿಲನ್ನು ಉಳಿಸಿಕೊಂಡು ಇಂಜೆಕ್ಟರ್ ಮಾತ್ರ ಹಾಕಿದರೆ ಪ್ರಯೋಜನ ಇಲ್ಲ.

ಮುಂದಿನ 5,000ಕ್ಕೆ ಡೀಸೆಲ್ 0.5. 20,000ಕ್ಕೆ 0.7, ಸೀಸ 3, ಮಸಿ 1.2. ಆ ಸಲ ಕಾಕಾ ಪುಸ್ತಕದಲ್ಲಿ ಒಂದು ಲೀಟರ್ ಟಾಪ್-ಅಪ್ ಬರೆದಿದ್ದರು, ಬೇಸರ ಮಾಡಿಕೊಂಡು. ನನಗೆ ಅದೇ ಸಂತೋಷದ ಸುದ್ದಿ.

ಈಗ ಮಾಲೀಕರ ಪ್ರಶ್ನೆಗೆ ಬರೋಣ. ಉಳಿದ ಐದು ಲೈನ್ ಗಾಡಿಗಳನ್ನು ಒಂದೇ ಸಲ 30,000ಕ್ಕೆ ಬಿಡದೆ, ಮೊದಲು 25,000ಕ್ಕೆ ಒಯ್ದೆವು. ಐದರಲ್ಲೂ ಕಬ್ಬಿಣ ಅದೇ ದರದಲ್ಲಿ ಏರಿತ್ತು. ಅವುಗಳಲ್ಲಿ ಎರಡನ್ನು ಮಾತ್ರ, ನಡುವೆ ಆಯಿಲ್ ಇಳಿಸದೆ, ಪಂಪಿನಿಂದ ಸ್ಯಾಂಪಲ್ ಮಾತ್ರ ಎಳೆದುಕೊಂಡು 30,000ಕ್ಕೆ ಓಡಿಸಿದೆವು. ಒಂದು ಗಾಡಿಯ ಕಬ್ಬಿಣ ನೋಡಿ: 20,000ಕ್ಕೆ 43, 25,000ಕ್ಕೆ 54, 30,000ಕ್ಕೆ 72. ನಡುವಿನ 5,000ದಲ್ಲಿ 11 ಏರಿದ್ದು ಕೊನೆಯ 5,000ದಲ್ಲಿ 18 ಏರಿತು. 72 ಅನ್ನುವುದು ಲ್ಯಾಬಿನ ಪ್ರಕಾರ ನಾರ್ಮಲ್ಲೇ. ಟಿಬಿಎನ್ ಕೂಡ 5.2, ಹೊಸ ಆಯಿಲಿನ ಅರ್ಧಕ್ಕಿಂತ ಕೆಳಗೆ ಬಿದ್ದಿರಲಿಲ್ಲ. ಅಂಕಿ ಮಾತ್ರ ನೋಡಿದ್ದರೆ ಪಾಸು. ಆದರೆ ಗೆರೆ ಮೇಲಕ್ಕೆ ಬಾಗಿತ್ತು.

ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿದೆವು. ಕಾಗದದ ತುಂಬ ಕರಿ ಕೆಸರು ಗಟ್ಟಿಯಾಗಿ ಕೂತಿತ್ತು. ಫಿಲ್ಟರ್ ಹೀಗೆ ಕಟ್ಟಿಕೊಂಡರೆ ಬೈಪಾಸ್ ವಾಲ್ವ್ ತೆರೆದುಕೊಂಡು ಶೋಧಿಸದ ಆಯಿಲೇ ಬೇರಿಂಗಿಗೆ ಹೋಗುತ್ತದೆ. ಅಂದರೆ ಇಲ್ಲಿ ಮೊದಲು ಸೋತದ್ದು ಆಯಿಲ್ ಅಲ್ಲ, ಫಿಲ್ಟರು. ಕತ್ತರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಲ್ಯಾಬಿನ ಸ್ಪೆಕ್ಟ್ರೋಮೀಟರು ಐದರಿಂದ ಎಂಟು ಮೈಕ್ರಾನಿಗಿಂತ ದೊಡ್ಡ ಲೋಹದ ಚೂರನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರಿಂಗು ಚೂರುಚೂರಾಗಿ ಏಳಲು ಶುರುವಾದರೆ ರಿಪೋರ್ಟಿನಲ್ಲಿ ಅಂಕಿ ಸುಮ್ಮನೆ ಕೂತಿರಬಹುದು, ಮಿನುಗು ಫಿಲ್ಟರಿನಲ್ಲಿ ಕಾಣುತ್ತದೆ. ನಮ್ಮದರಲ್ಲಿ ಮಿನುಗು ಇರಲಿಲ್ಲ.

ಹಾಗಾಗಿ ಲೈನ್ ಗಾಡಿಗೆ 25,000 ಅಂತ ನಿಲ್ಲಿಸಿದೆವು. ಮಾಲೀಕರಿಗೆ ಕೊಂಚ ನಿರಾಸೆ ಆಯಿತು. ನಾನು ಲೆಕ್ಕ ತೋರಿಸಿದೆ. ವರ್ಷಕ್ಕೆ ಲಕ್ಷ ಕಿಲೋಮೀಟರ್ ಓಡುವ ಗಾಡಿಗೆ ಐದು ಚೇಂಜಿನ ಬದಲು ನಾಲ್ಕು. ಆರು ಗಾಡಿಗೆ ವರ್ಷಕ್ಕೆ ಆರು ಚೇಂಜ್ ಉಳಿಯುತ್ತದೆ, ನಮ್ಮಲ್ಲಿ ಆಯಿಲ್, ಫಿಲ್ಟರ್ ಸೇರಿ ಒಂದಕ್ಕೆ ಸುಮಾರು 8,500 ರೂಪಾಯಿ. ಮೊದಲ ವರ್ಷ ಆ ದುಡ್ಡು ಹೆಚ್ಚೂಕಡಿಮೆ ಸ್ಯಾಂಪಲ್ಲುಗಳಿಗೇ ಹೋಯಿತು. ಎರಡನೇ ವರ್ಷದಿಂದ ಪ್ರತಿ ಚೇಂಜಿಗೆ ಒಂದೇ ಸ್ಯಾಂಪಲ್ ಸಾಕಾಗುತ್ತಿದೆ. ಏಳನೇ ಗಾಡಿಯ ಕ್ರ್ಯಾಂಕ್ ಉಳಿದದ್ದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಟಾಪ್-ಅಪ್ ಬಗ್ಗೆ ಇನ್ನೊಂದು ಮಾತು. ಮೂರನೇ ಗಾಡಿಯ ಕಬ್ಬಿಣ 31, ಎಲ್ಲಕ್ಕಿಂತ ಕಡಿಮೆ. ಆದರೆ ಅದು ಆಯಿಲ್ ಲೀಕ್ ಇದ್ದ ಗಾಡಿ, ಆ ಅಂತರದಲ್ಲಿ 6 ಲೀಟರ್ ಹಾಕಿದ್ದೆವು. ಲೋಹ ಇದ್ದ ಆಯಿಲ್ ಹೊರಗೆ ಹೋಗಿ ಹೊಸ ಆಯಿಲ್ ಒಳಗೆ ಬಂದಿದೆ, ಅಂಕಿ ಚೆಂದ ಕಾಣುವುದು ಅದಕ್ಕೇ. 20ಕ್ಕೆ 6 ಅಂದರೆ ಶೇಕಡಾ 30. ಸ್ವಲ್ಪ ಸ್ವಲ್ಪವಾಗಿ ಹಾಕಿದ್ದಾದರೆ ಅದರ ಅರ್ಧ, 15ರಷ್ಟು, ಸೇರಿಸಿ ನೋಡುವುದು ಒಳ್ಳೆ ಅಂದಾಜು. 31 ಇದ್ದದ್ದು 36 ಆಗುತ್ತದೆ. ಟಿಬಿಎನ್ ಕೂಡ ಹೀಗೇ ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ. ಲೀಕ್ ಸರಿಮಾಡುವ ತನಕ ಆ ಗಾಡಿಯ ಅಂಕಿಯನ್ನು ಬೇರೆಯವುಗಳ ಜೊತೆ ಸೇರಿಸಿ ಸರಾಸರಿ ಮಾಡಲಿಲ್ಲ.

ಟಿಪ್ಪರುಗಳ ಅಂತರವನ್ನು ನಾವು ಹೆಚ್ಚಿಸಿಲ್ಲ, ಹೆಚ್ಚಿಸುವ ಯೋಚನೆಯೂ ಈಗ ಇಲ್ಲ. ಅವುಗಳಿಗೆ ಕಿಲೋಮೀಟರ್ ಲೆಕ್ಕವೇ ಬಿಟ್ಟು ಗಂಟೆಗೆ ಬಂದಿದ್ದೇವೆ. ಗಣಿಯಲ್ಲಿ ಫಸ್ಟ್ ಗೇರಿನಲ್ಲಿ ಏರುವ ಗಾಡಿ ಕಿಲೋಮೀಟರಿನಲ್ಲಿ ಏನೂ ಓಡಿರಲ್ಲ, ಇಂಜಿನ್ನು ದಿನವಿಡೀ ದುಡಿದಿರುತ್ತದೆ. ಹನ್ನೊಂದನೇ ಗಾಡಿಯಲ್ಲಿ ಸಿಲಿಕಾನ್ 34, ಅಲ್ಯೂಮಿನಿಯಂ 11, ಕಬ್ಬಿಣ 96 ಬಂದಿತ್ತು. ಸಿಲಿಕಾನ್ ಒಂದೇ ಏರಿದ್ದರೆ ಗ್ಯಾಸ್ಕೆಟ್ ಪೇಸ್ಟಿನದು ಇರಬಹುದು. ಅಲ್ಯೂಮಿನಿಯಂ ಅದರ ಮೂರನೇ ಒಂದು ಭಾಗದಷ್ಟು ಜೊತೆಗೆ ಏರಿ, ಕಬ್ಬಿಣವೂ ಏರಿದರೆ ಅದು ಮಣ್ಣು. ಏರ್ ಕ್ಲೀನರ್ ದಾಟಿದ ಮೇಲಿನ ರಬ್ಬರ್ ಹೋಸ್ ಕ್ಲಿಪ್ಪಿನ ಅಡಿಯಲ್ಲಿ ಬಿರುಕು ಬಿಟ್ಟಿತ್ತು. ಫಿಲ್ಟರ್ ಎಷ್ಟು ಒಳ್ಳೆಯದಿದ್ದರೂ ಧೂಳು ಅದರ ಹಿಂದಿನಿಂದ ನುಗ್ಗುತ್ತಿತ್ತು.

ನಮ್ಮ ಕಡೆಯ ಗಣಿಗೆ ಒಂದು ವಿಶೇಷ ತೊಡಕಿದೆ. ಸುಣ್ಣದ ಕಲ್ಲಿನ ಧೂಳಿನಲ್ಲಿ ಹೆಚ್ಚಿರುವುದು ಕ್ಯಾಲ್ಸಿಯಂ, ಸಿಲಿಕಾನ್ ಅಲ್ಲ. ಆಯಿಲಿನ ಅಡಿಟಿವ್‌ನಲ್ಲೂ ಕ್ಯಾಲ್ಸಿಯಂ ಸಾವಿರ ಪಿಪಿಎಂಗಳ ಲೆಕ್ಕದಲ್ಲಿ ಇರುತ್ತದೆ. ಹಾಗಾಗಿ ಕಲ್ಲಿನ ಧೂಳು ಎಷ್ಟು ಒಳಗೆ ಹೋದರೂ ರಿಪೋರ್ಟಿನಲ್ಲಿ ಅದು ಆಯಿಲಿನ ಕ್ಯಾಲ್ಸಿಯಂ ಜೊತೆ ಕಲೆತು ಕಾಣದೆ ಹೋಗುತ್ತದೆ. ಕಾಣುವ ಸಿಲಿಕಾನ್ ಮೇಲಿನ ಎರೆಮಣ್ಣಿನದು ಮತ್ತು ಕಲ್ಲಿನೊಳಗಿನ ಸಿಲಿಕಾದ್ದು ಮಾತ್ರ. ಅದಕ್ಕೆ ಲ್ಯಾಬಿನವರು ಸಿಲಿಕಾನ್ 25ರ ತನಕ ಪರವಾಗಿಲ್ಲ ಅಂದರೂ ಟಿಪ್ಪರುಗಳಿಗೆ ನಾನು 15ಕ್ಕೇ ಹೋಸ್ ಬಿಚ್ಚಿಸಿ ನೋಡುತ್ತೇನೆ. ಹನ್ನೊಂದನೇ ಗಾಡಿಗೆ ಹೊಸ ಹೋಸ್ ಹಾಕಿದ ಮೇಲೆ ಸಿಲಿಕಾನ್ 12ಕ್ಕೆ ಇಳಿದಿದೆ. ಕಬ್ಬಿಣದ ದರ ಇನ್ನೂ ಉಳಿದ ಮೂರು ಟಿಪ್ಪರಿಗಿಂತ ಮೇಲೆಯೇ ಇದೆ. ಲೈನರ್ ಮೇಲೆ ಆಗಲೇ ಬಿದ್ದ ಗೀರು ಹೋಸ್ ಬದಲಿಸಿದರೆ ಹೋಗುವಂಥದ್ದಲ್ಲ. ಅದರ ಮುಂದಿನ ಸ್ಯಾಂಪಲ್ 250 ಗಂಟೆಗೆ ತೆಗೆಯಬೇಕು ಅಂತ ಗೋಡೆಯ ಬೋರ್ಡಿನ ಮೇಲೆ ಬರೆದಿಟ್ಟಿದ್ದೇನೆ.